ಇಎಂಐ ಏರಲಿಲ್ಲ ಅಂತ ಭಾವ ಖುಷಿಯಾಗಿದ್ದರು

2023ರ ಏಪ್ರಿಲ್ ಕೊನೆಯ ಒಂದು ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಭಾವ ಒಂದು ಮಾತು ಹೇಳಿದರು. "ಎಲ್ಲರೂ ಬಡ್ಡಿ ಏರ್ತು, ಬಡ್ಡಿ ಏರ್ತು ಅಂತಾರೆ. ನನ್ನ ಕಂತು ಮಾತ್ರ ಒಂದು ರೂಪಾಯಿನೂ ಏರಿಲ್ಲ ಕಣಪ್ಪ. ನಮ್ಮ ಬ್ಯಾಂಕು ಒಳ್ಳೇದು."

ನಾನು ಹನ್ನೊಂದು ವರ್ಷ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತವನು. ಈ ಮಾತು ಕೇಳಿದರೆ ಇಡ್ಲಿ ಗಂಟಲಲ್ಲಿ ನಿಲ್ಲುತ್ತೆ. "ಭಾವ, ಸಾಲದ ಸ್ಟೇಟ್‌ಮೆಂಟ್ ಮೊಬೈಲಲ್ಲಿ ಇದೆಯಾ? ಬಾಕಿ ಕಂತು ಎಷ್ಟು ಅಂತ ನೋಡಿ" ಅಂದೆ. ಅವರು ಆ್ಯಪ್ ತೆರೆದು ಹುಡುಕಿದರು. ನಾಲ್ಕರಿಂದ ಶುರುವಾಗುವ ಮೂರಂಕಿ ಕಂಡಿತು. ಇದು ಸಾಲದ ನಂಬರ್ ಇರಬೇಕು ಅಂದುಕೊಂಡು ಅವರು ಇನ್ನೂ ಕೆಳಗೆ ಹುಡುಕುತ್ತಲೇ ಇದ್ದರು.

ಅದು ಸಾಲದ ನಂಬರ್ ಅಲ್ಲ. ಇನ್ನೂ ಕಟ್ಟಬೇಕಾದ ಕಂತುಗಳ ಸಂಖ್ಯೆ.

ಅವರ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ಶಿರಾ ಗೇಟ್ ಆಚೆ 30-40ರ ಸೈಟಿನಲ್ಲಿ ಮನೆ ಕಟ್ಟಿಸಲು 2021ರಲ್ಲಿ ತೆಗೆದ 30 ಲಕ್ಷದ ಸಾಲ ಅದು. ಬಡ್ಡಿ ಶೇ 7, ಅವಧಿ 20 ವರ್ಷ, ಅಂದರೆ 240 ಕಂತು. ಇಎಂಐ 23,259 ರೂಪಾಯಿ. ಆಗ ಭಾವನಿಗೆ 38 ವರ್ಷ. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೆಲಸ. 58ಕ್ಕೆ ನಿವೃತ್ತಿ, 58ಕ್ಕೆ ಸಾಲ ಮುಕ್ತಾಯ. ಅಚ್ಚುಕಟ್ಟಾದ ಯೋಜನೆ.

ಅದು ಬದಲಾಗುವ ಬಡ್ಡಿಯ, ಅಂದರೆ ಫ್ಲೋಟಿಂಗ್ ದರದ ಸಾಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಇಂಥ ಮನೆ ಸಾಲವನ್ನು ಹೊರಗಿನ ಒಂದು ಅಳತೆಗೆ ಕಟ್ಟಿಹಾಕಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಬಹುತೇಕ ಬ್ಯಾಂಕುಗಳು ಆರಿಸಿಕೊಂಡದ್ದು ರೆಪೊ ದರವನ್ನು. ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವಾಗ ರಿಸರ್ವ್ ಬ್ಯಾಂಕ್ ಹಾಕುವ ಬಡ್ಡಿ ಅದು. ಅದರ ಮೇಲೆ ಬ್ಯಾಂಕು ತನ್ನ ಪಾಲು ಸೇರಿಸಿದರೆ ನಿಮ್ಮ ದರ. ರೆಪೊ ಏರಿದರೆ ಹೆಚ್ಚೆಂದರೆ ಮೂರು ತಿಂಗಳೊಳಗೆ ನಿಮ್ಮದೂ ಏರುತ್ತೆ. ಇಳಿದರೂ ಹಾಗೇ.

ಭಾವ ಸಾಲ ತೆಗೆದಾಗ ರೆಪೊ ಶೇ 4 ಇತ್ತು. 2022ರ ಮೇ ತಿಂಗಳಲ್ಲಿ ಏರಲು ಶುರುವಾಗಿ, ಆರು ಮೆಟ್ಟಿಲು ಹತ್ತಿ, 2023ರ ಫೆಬ್ರವರಿಗೆ ಶೇ 6.5 ಮುಟ್ಟಿತು. ಅಷ್ಟೇ ಎರಡೂವರೆ ಪರ್ಸೆಂಟ್ ಭಾವನ ಸಾಲಕ್ಕೂ ಸೇರಿತು. 7 ಇದ್ದದ್ದು 9.5 ಆಯಿತು. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಒಂದು ಸಣ್ಣ ಮೋಸ ಮಾಡುತ್ತೇನೆ: ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, 24 ಕಂತು ಮುಗಿದ ಮೇಲೆ ಒಂದೇ ಸಲ ಏರಿತು ಅಂತ ಇಟ್ಟುಕೊಳ್ಳೋಣ. ಆಗ ಬಾಕಿ ಇದ್ದ ಅಸಲು 28,52,104 ರೂಪಾಯಿ.

ಕಂತಿನ ಹೊಟ್ಟೆಯೊಳಗೆ ಏನಾಗುತ್ತೆ ಅಂತ ಈಗ ನೋಡಿ. ಪ್ರತಿ ತಿಂಗಳ ಇಎಂಐಯಲ್ಲಿ ಮೊದಲು ಬಡ್ಡಿ ಕಳೆಯುತ್ತಾರೆ. ಉಳಿದದ್ದು ಮಾತ್ರ ಅಸಲಿಗೆ. ಶೇ 7 ಇದ್ದಾಗ ಈ ಬಾಕಿಯ ಮೇಲೆ ಒಂದು ತಿಂಗಳ ಬಡ್ಡಿ 16,637. ಕಂತು 23,259. ಅಸಲಿಗೆ ಹೋಗುತ್ತಿದ್ದದ್ದು 6,622 ರೂಪಾಯಿ. ಶೇ 9.5 ಆದ ಮೇಲೆ ತಿಂಗಳ ಬಡ್ಡಿಯೇ 22,579. ಕಂತು ಅಷ್ಟೇ ಇದೆ. ಅಸಲಿಗೆ ಉಳಿದದ್ದು 680 ರೂಪಾಯಿ.

ಇಪ್ಪತ್ತೆಂಟೂವರೆ ಲಕ್ಷದ ಸಾಲಕ್ಕೆ ತಿಂಗಳಿಗೆ ಆರುನೂರ ಎಂಬತ್ತು! ಬಡ್ಡಿ ದರ ಏರಿದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಸಾಲ ತೀರಿಸುವ ಶಕ್ತಿ ಕುಸಿದದ್ದು ಹತ್ತನೇ ಒಂದು ಭಾಗಕ್ಕೆ. ಬಡ್ಡಿ ಎರಡೂವರೆ ಪರ್ಸೆಂಟ್ ಏರಿದರೆ ಅವಧಿಯೂ ಅದೇ ಲೆಕ್ಕದಲ್ಲಿ ಒಂದೆರಡು ವರ್ಷ ಜಾಸ್ತಿ ಆಗಬಹುದು ಅಂತ ಎಲ್ಲರೂ ಅಂದಾಜು ಮಾಡೋದು. ಅದು ಹಾಗೆ ನಡೆಯೋದಿಲ್ಲ.

ಹೀಗೇ ಬಿಟ್ಟರೆ ಇನ್ನೆಷ್ಟು ಕಂತು? 448. ಅಂದರೆ 37 ವರ್ಷ 4 ತಿಂಗಳು. ಮೊದಲಿನ ಯೋಜನೆಯಲ್ಲಿ ಉಳಿದಿದ್ದದ್ದು 216 ಕಂತು, 18 ವರ್ಷ. 40ರ ಭಾವ ಸಾಲ ತೀರಿಸುವ ಹೊತ್ತಿಗೆ 77 ಆಗಿರುತ್ತಾರೆ. ಇದನ್ನು ಹೇಳಿದಾಗ ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಚಟ್ನಿ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಮೊಬೈಲನ್ನು ನನ್ನ ಕಡೆ ತಿರುಗಿಸಿದರು.

ನಿಮ್ಮ ಸಾಲಕ್ಕೂ ಇದನ್ನು ನೀವೇ ನೋಡಿಕೊಳ್ಳಬಹುದು. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಯಾವುದಾದರೂ ಸ್ಪ್ರೆಡ್‌ಶೀಟ್ ತೆರೆದು ಎರಡು ಸಾಲು ಬರೆದರೆ ಸಾಕು.

```
=NPER(9.5%/12, -23259, 2852104)
=PMT(9.5%/12, 216, -2852104)
```

ಮೊದಲನೆಯದು ಇದೇ ಕಂತು ಕಟ್ಟಿದರೆ ಎಷ್ಟು ತಿಂಗಳು ಬೇಕು ಅಂತ ಹೇಳುತ್ತೆ. ಎರಡನೆಯದು ಮೊದಲಿನ ಗಡುವಿನೊಳಗೇ ಮುಗಿಸಲು ಕಂತು ಎಷ್ಟಾಗಬೇಕು ಅಂತ. ದರ, ಕಂತು, ಬಾಕಿ ಅಸಲು, ಉಳಿದ ತಿಂಗಳು, ಈ ನಾಲ್ಕನ್ನು ನಿಮ್ಮ ಸ್ಟೇಟ್‌ಮೆಂಟ್ ನೋಡಿ ಬದಲಿಸಿ. ಮೈನಸ್ ಚಿಹ್ನೆ ಇದ್ದಲ್ಲೇ ಇರಲಿ. ಮೊದಲ ಸೂತ್ರ ಉತ್ತರದ ಬದಲು ದೋಷ ತೋರಿಸಿದರೆ ಗಾಬರಿಯಾಗಬೇಕಾದ ವಿಷಯ: ನಿಮ್ಮ ಕಂತು ಬಡ್ಡಿಗೇ ಸಾಲುತ್ತಿಲ್ಲ, ಸಾಲ ಎಂದಿಗೂ ತೀರೋದಿಲ್ಲ ಅಂತ ಅರ್ಥ. ಭಾವನ ಸಾಲ ಆ ಅಂಚಿನಲ್ಲೇ ನಿಂತಿತ್ತು. ದರ ಇನ್ನು ಕಾಲು ಪರ್ಸೆಂಟ್‌ಗಿಂತ ತುಸು ಜಾಸ್ತಿ ಏರಿದ್ದರೆ ತಿಂಗಳ ಬಡ್ಡಿಯೇ ಕಂತನ್ನು ದಾಟುತ್ತಿತ್ತು. ಕಂತು ಕಟ್ಟುತ್ತಲೇ ಸಾಲ ಬೆಳೆಯುತ್ತಿತ್ತು.

ಎರಡನೆಯ ಸೂತ್ರದ ಉತ್ತರ 27,606. ಅಂದರೆ ತಿಂಗಳಿಗೆ 4,347 ರೂಪಾಯಿ ಜಾಸ್ತಿ ಕಟ್ಟಿದರೆ ಸಾಲ ಹಳೇ ಗಡುವಿಗೇ ಮುಗಿಯುತ್ತೆ. ಹಾಗೆ ಮಾಡಿದರೆ ಅಲ್ಲಿಂದ ಮುಂದೆ ಕಟ್ಟುವ ಒಟ್ಟು ಹಣ ಸುಮಾರು 59.6 ಲಕ್ಷ. ಕಂತು ಹಾಗೇ ಬಿಟ್ಟು ಅವಧಿ ಎಳೆದರೆ ಸುಮಾರು 1 ಕೋಟಿ 4 ಲಕ್ಷ.

ಈ ಒಂದು ಕೋಟಿಯ ಮೊತ್ತ ತೋರಿಸಿ ಜನರನ್ನು ಹೆದರಿಸೋದು ನನಗೆ ಅಷ್ಟು ಇಷ್ಟವಿಲ್ಲ. 30 ವರ್ಷದ ಆಚೆ ಕಟ್ಟುವ 23 ಸಾವಿರಕ್ಕೆ ಇವತ್ತಿನ ಬೆಲೆ ಇರೋದಿಲ್ಲ. ಇನ್ನೊಂದು, ಅವಧಿ ಎಳೆದವರ ಕೈಯಲ್ಲಿ ತಿಂಗಳಿಗೆ 4,347 ಉಳಿಯುತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸರಿಯಾದ ಪ್ರಶ್ನೆ ಇದು: ಆ 4,347ನ್ನು ನೀವು ಎಲ್ಲಿ ಹಾಕುತ್ತೀರಿ? ಸಾಲಕ್ಕೆ ಹಾಕಿದರೆ ಶೇ 9.5 ಬಡ್ಡಿ ಉಳಿಯಿತು, ಖಂಡಿತ, ತೆರಿಗೆಯೂ ಇಲ್ಲ. ಆರ್‌ಡಿಯಲ್ಲಿ ಅಷ್ಟು ಸಿಗೋದಿಲ್ಲ, ಸಿಕ್ಕ ಬಡ್ಡಿಗೂ ತೆರಿಗೆ ಇದೆ. ಷೇರಿನಲ್ಲಿ ಸಿಗಬಹುದು, ಸಿಗದೆಯೂ ಇರಬಹುದು. ಸುಮ್ನೆ ಖರ್ಚಾಗಿ ಹೋಗುವ ದುಡ್ಡಾದರೆ ಪ್ರಶ್ನೆಯೇ ಇಲ್ಲ. ಭಾವ ಪ್ರಾಮಾಣಿಕವಾಗಿ ಒಪ್ಪಿಕೊಂಡರು: "ಎಲ್ಲಿ ಹಾಕ್ತೀನಿ? ಎಲ್ಲೂ ಇಲ್ಲ. ಹೋಗ್ತಾ ಇದೆ."

"ಬಡ್ಡಿ ಜಾಸ್ತಿ ಕಟ್ಟಿದರೆ ತೆರಿಗೆಯಲ್ಲಿ ಉಳಿಯುತ್ತಲ್ಲ" ಅಂತ ಹೇಳುವವರೂ ಇದ್ದಾರೆ. ಹಳೇ ತೆರಿಗೆ ಪದ್ಧತಿಯಲ್ಲಿ ತಾವೇ ವಾಸಿಸುವ ಮನೆಗೆ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ಮಾತ್ರ ವಿನಾಯಿತಿ. ಭಾವ ವರ್ಷಕ್ಕೆ ಕಟ್ಟುತ್ತಿದ್ದ ಬಡ್ಡಿ 2.7 ಲಕ್ಷ. ಮೇಲಿನ 70 ಸಾವಿರಕ್ಕೆ ಏನೂ ಸಿಗೋದಿಲ್ಲ. ಹೊಸ ಪದ್ಧತಿಯಲ್ಲಂತೂ ಆ 2 ಲಕ್ಷವೂ ಇಲ್ಲ.

ಆದರೆ 4,347 ಅಂದ ತಕ್ಷಣ ಭಾವನ ಮುಖ ಸಪ್ಪಗಾಯಿತು. ಜೂನ್‌ನಲ್ಲಿ ಇಬ್ಬರು ಮಕ್ಕಳ ಫೀಸು. ಸ್ಕೂಟರಿನ ಸಾಲ ಬೇರೆ. "ಅಷ್ಟು ಆಗಲ್ಲ. ಹಂಗಾದ್ರೆ ಅವಧಿನೇ ಎಳೀಲಿ ಬಿಡು" ಅಂದರು. ಬಹಳ ಜನ ತಪ್ಪು ಮಾಡೋದು ಇಲ್ಲೇ. ಪೂರ್ತಿ ಏರಿಸೋದು ಇಲ್ಲವೇ ಏನೂ ಏರಿಸದೆ ಬಿಡೋದು, ಎರಡೇ ದಾರಿ ಅಂತ ಅಂದುಕೊಳ್ಳುತ್ತಾರೆ.

ನಾನು ಕಾಗದದ ಪ್ಲೇಟ್ ಮೇಲೆ ಬರೆದು ತೋರಿಸಿದೆ. ಕಂತನ್ನು ಬರೀ ಸಾವಿರ ರೂಪಾಯಿ ಏರಿಸಿ 24,259 ಮಾಡಿದರೆ 448 ಕಂತು 339ಕ್ಕೆ ಇಳಿಯುತ್ತೆ. ಒಂದು ಸಾವಿರಕ್ಕೆ ಒಂಬತ್ತು ವರ್ಷ! 25,500 ಮಾಡಿದರೆ, ಅಂದರೆ ಬೇಕಾದ ಏರಿಕೆಯ ಅರ್ಧ ಮಾತ್ರ, 275ಕ್ಕೆ ಬರುತ್ತೆ. ಅಲ್ಲಿಂದ 27,606ಕ್ಕೆ ಹೋಗಲು ಇನ್ನೂ 2,106 ರೂಪಾಯಿ ಹಾಕಿದರೆ ಕಡಿಮೆಯಾಗೋದು 59 ಕಂತು.

ಮೊದಲ ಸಾವಿರಕ್ಕೆ 109 ಕಂತು ಹಾರಿಹೋಗಿ, ಕೊನೆಯ ಎರಡು ಸಾವಿರಕ್ಕೆ 59 ಮಾತ್ರ ಯಾಕೆ? ಆ 680 ನೆನಪಿಸಿಕೊಳ್ಳಿ. ಬಡ್ಡಿ ಕಳೆದು ಅಸಲಿಗೆ ಉಳಿಯುತ್ತಿದ್ದದ್ದು ಅಷ್ಟೇ. ಅದಕ್ಕೆ ಸಾವಿರ ಸೇರಿದರೆ 1,680. ಅಸಲು ಕರಗುವ ವೇಗ ಒಂದೇ ಏಟಿಗೆ ಎರಡೂವರೆ ಪಟ್ಟು. ಮುಂದಿನ ಸಾವಿರ ಸೇರುವಾಗ 1,680 ಇದ್ದದ್ದು 2,680 ಆಗುತ್ತೆ, ಆಗ ಅದು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಪೂರ್ತಿ ಏರಿಕೆ ಕೈಗೆ ಎಟಕದಿದ್ದರೆ ಎಟಕುವಷ್ಟನ್ನಾದರೂ ಏರಿಸಿ. ಕಂತು ಬಡ್ಡಿಯ ಅಂಚಿನಲ್ಲಿ ನಿಂತಿರುವಾಗ ಮೊದಲ ಸಾವಿರಕ್ಕಿರುವ ಬಲ ಆಮೇಲಿನ ಸಾವಿರಗಳಿಗೆ ಇಲ್ಲ.

ಇದೆಲ್ಲ ಹೊಸ ಸಾಲದ ಮಾತು. ಸಾಲ ಹಳೇದಾಗಿದ್ದರೆ ನಾನು ಬೇರೆಯೇ ಹೇಳುತ್ತೇನೆ. ಭಾವನ ಇದೇ ಸಾಲ, ಇದೇ ಕಂತು, ಆದರೆ 15 ವರ್ಷ ಶೇ 7ರಲ್ಲೇ ಕಟ್ಟಿ 60 ಕಂತು ಮಾತ್ರ ಉಳಿದಿದೆ ಅಂತ ಇಟ್ಟುಕೊಳ್ಳಿ. ಬಾಕಿ 11.75 ಲಕ್ಷ. ಆಗ ದರ 9.5 ಆದರೆ ತಿಂಗಳ ಬಡ್ಡಿ 9,300ರ ಆಸುಪಾಸು. ಕಂತಿನ ಅರ್ಧಕ್ಕಿಂತ ಜಾಸ್ತಿ ಇನ್ನೂ ಅಸಲಿಗೇ ಹೋಗುತ್ತೆ. ಕಂತು ಮುಟ್ಟದೆ ಬಿಟ್ಟರೆ ಅವಧಿ ಏರೋದು ಬರೀ ಐದು ತಿಂಗಳು. ಅಂಥವರು ತಲೆ ಕೆಡಿಸಿಕೊಳ್ಳದೆ ಅವಧಿ ಎಳೆಯಲು ಬಿಡಬಹುದು. ಸಾಲದ ಮೊದಲ ಏಳೆಂಟು ವರ್ಷದಲ್ಲಿ ಏರಿದ ಬಡ್ಡಿಯೇ ಅಪಾಯದ್ದು. ಅಲ್ಲಿ ಕಂತಿನ ಬಹುಪಾಲು ಬಡ್ಡಿಯೇ ಆಗಿರುತ್ತೆ.

ಹಾಗಂತ ಯಾವಾಗಲೂ ಕಂತು ಏರಿಸಿಯೇ ಸಿದ್ಧ ಅಂತಲೂ ಅಲ್ಲ. ಏರಿಸಿದ ಕಂತು ಕಟ್ಟಲು ಚಿನ್ನ ಅಡವಿಡಬೇಕು, ಕ್ರೆಡಿಟ್ ಕಾರ್ಡ್ ಉಜ್ಜಬೇಕು ಅಂತಾದರೆ ಅದಕ್ಕಿಂತ ಅವಧಿ ಎಳೆಯೋದೇ ಮೇಲು. ಕಾರ್ಡಿನ ಬಡ್ಡಿಯ ಮುಂದೆ ಶೇ 9.5 ಏನೂ ಅಲ್ಲ. ಕಂತು ತಪ್ಪಿದರೆ ದಂಡ ಬೇರೆ, ಸಿಬಿಲ್ ಅಂಕಕ್ಕೆ ಪೆಟ್ಟು ಬೇರೆ. ಮೂರ್ನಾಲ್ಕು ತಿಂಗಳ ಕಂತಿನಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಕೂಡಿಟ್ಟು ಆಮೇಲೆ ಕಂತು ಏರಿಸಿ ಅಂತಲೇ ನಾನು ಹೇಳೋದು.

ಬ್ಯಾಂಕು ಇದನ್ನೆಲ್ಲ ಹೇಳಬಾರದಾ? ಭಾವನ ಬ್ಯಾಂಕಿನಿಂದ ದರ ಬದಲಾಗಿದೆ ಅಂತ ಎಸ್‌ಎಂಎಸ್ ಬಂದಿತ್ತು. ಅವಧಿ ಎಷ್ಟಾಯಿತು ಅಂತ ಅದರಲ್ಲಿ ಇರಲಿಲ್ಲ. ಶಾಖೆಗೆ ಹೋದರೆ "ಸಿಸ್ಟಮ್ ತಾನೇ ಮಾಡುತ್ತೆ ಸರ್" ಅಂದರು. ಸುಳ್ಳೇನಲ್ಲ. ದರ ಏರಿದರೆ ಮೊದಲು ಅವಧಿ ಎಳೆಯೋದು, ಸಾಲಗಾರನ ವಯಸ್ಸಿಗೋ ಗರಿಷ್ಠ ಅವಧಿಗೋ ಬ್ಯಾಂಕು ಇಟ್ಟ ಮಿತಿ ಬಂದಾಗ ಮಾತ್ರ ಕಂತು ಏರಿಸೋದು, ಅನೇಕ ಕಡೆ ತಂತ್ರಾಂಶದ ರೂಢಿಯೇ ಹೀಗೆ. ಆ ಮಿತಿ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಥರ. ಒಳಗೆ ಕೂತವನಾಗಿ ಹೇಳುತ್ತೇನೆ, ಇದರಲ್ಲಿ ಬ್ಯಾಂಕಿಗೂ ಅನುಕೂಲ: ಕಂತು ಏರದಿದ್ದರೆ ಯಾರೂ ಕೌಂಟರಿಗೆ ಬಂದು ಜಗಳ ಆಡೋದಿಲ್ಲ.

ಇಂಥ ದೂರುಗಳು ಜಾಸ್ತಿ ಆಗಿ, ಅದೇ ವರ್ಷ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಹಳೇ ಸಾಲಗಳಿಗೂ ಡಿಸೆಂಬರ್ 31ರೊಳಗೆ ಅನ್ವಯಿಸಬೇಕು ಅಂತ ಹೇಳಿತು. ಅದರಲ್ಲಿ ನಮಗೆ ಬೇಕಾದ ಮಾತು ಇಷ್ಟು. ಕಂತು ಏರಿಸುವುದೋ, ಅವಧಿ ಎಳೆಯುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ, ಆಯ್ಕೆ ಸಾಲಗಾರನದು. ದರದಿಂದಾಗಿ ಕಂತು ಅಥವಾ ಅವಧಿ ಬದಲಾದರೆ ಕೂಡಲೇ ತಿಳಿಸಬೇಕು. ಅವಧಿ ಎಳೆದದ್ದರಿಂದ ಕಂತು ಬಡ್ಡಿಗೂ ಸಾಕಾಗದ ಸ್ಥಿತಿ ಬರಬಾರದು. ಮೂರು ತಿಂಗಳಿಗೊಮ್ಮೆ ಕೊಡುವ ಸ್ಟೇಟ್‌ಮೆಂಟಿನಲ್ಲಿ ಇಲ್ಲಿಯವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ ಇರಬೇಕು. ಆ ಸ್ಟೇಟ್‌ಮೆಂಟ್ ಬಂದಾಗ ನೀವು ನೋಡಬೇಕಾದದ್ದು ಕೊನೆಯ ಅಂಕಿ. ಹಿಂದಿನ ಸಲಕ್ಕಿಂತ ಕನಿಷ್ಠ ಮೂರು ಕಡಿಮೆ ಇದ್ದರೆ ಎಲ್ಲ ಸರಿ. ಇಲ್ಲದಿದ್ದರೆ ಅವಧಿ ಎಳೆದಿದ್ದಾರೆ.

ಭಾವ 25,500 ಅಂತ ತೀರ್ಮಾನ ಮಾಡಿದರು. ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದು ಸೀಲ್ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ ಅಂದೆ. ಆದರೂ ಮೊದಲ ತಿಂಗಳೇ ಎಡವಟ್ಟಾಯಿತು. ಅವರ ಸಂಬಳ ಬೇರೆ ಬ್ಯಾಂಕಿಗೆ ಬೀಳೋದು. ಅಲ್ಲಿಂದ ಕಂತು ಕಡಿತ ಮಾಡಲು ಕೊಟ್ಟ ಮ್ಯಾಂಡೇಟ್‌ನಲ್ಲಿ ಗರಿಷ್ಠ 25,000 ಅಂತ ಬರೆದಿತ್ತು. ಹೊಸ ಕಂತು ಅದನ್ನು ದಾಟಿತು, ಕಡಿತ ಆಗಲಿಲ್ಲ. ಖಾತೆಯಲ್ಲಿ ದುಡ್ಡಿದ್ದೂ ಕಂತು ಬೌನ್ಸ್! ಹೊಸ ಮ್ಯಾಂಡೇಟ್ ಕೊಟ್ಟು ಸರಿಮಾಡಿಸಲು ಎರಡು ಸಲ ಬಿ.ಎಚ್. ರಸ್ತೆಗೆ ಓಡಾಡಬೇಕಾಯಿತು. ಕಂತು ಏರಿಸುವ ಮೊದಲು ನಿಮ್ಮ ಮ್ಯಾಂಡೇಟಿನ ಮಿತಿ ಎಷ್ಟಿದೆ ಅಂತ ಕೇಳಿಕೊಳ್ಳಿ.

ಇನ್ನೊಂದು ದಾರಿಯೂ ಅವರಿಗಿತ್ತು. ತಿಪಟೂರು ಕಡೆ ಅಪ್ಪನ ತೋಟ ಇದೆ, ಕೊಬ್ಬರಿ ಮಾರಿದ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಪಾಲು ಬರುತ್ತೆ. ಒಬ್ಬ ವ್ಯಕ್ತಿ ಫ್ಲೋಟಿಂಗ್ ದರದಲ್ಲಿ ತೆಗೆದ ಮನೆ ಸಾಲಕ್ಕೆ ಮಧ್ಯೆ ದುಡ್ಡು ತುಂಬಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಕಂತು 25,500 ಇಟ್ಟುಕೊಂಡೇ ಆಗ ಒಂದು ಲಕ್ಷ ತುಂಬಿದ್ದರೆ 275 ಕಂತಿನಲ್ಲಿ 30 ಕಡಿಮೆ ಆಗುತ್ತಿತ್ತು. ಹಾಗೆ ತುಂಬುವಾಗ ಕೌಂಟರಿನಲ್ಲಿ ಒಂದು ಮಾತು ಬಾಯಿಬಿಟ್ಟು ಹೇಳಬೇಕು: ಕಂತು ಇಳಿಸಬೇಡಿ, ಅವಧಿ ಇಳಿಸಿ. ಹೇಳದಿದ್ದರೆ ಕೆಲವು ಕಡೆ ಕಂತನ್ನೇ ಇಳಿಸಿ ಕಳಿಸುತ್ತಾರೆ. ಭಾವನ ಪಾಲಿಗೆ ಆ ವರ್ಷ ಕೊಬ್ಬರಿ ದುಡ್ಡು ತಂಗಿಯ ಮದುವೆಗೆ ಹೋಯಿತು. ಅದೂ ಸರಿಯೇ.

2025ರಲ್ಲಿ ಗಾಳಿ ತಿರುಗಿತು. ಫೆಬ್ರವರಿಯಿಂದ ರೆಪೊ ಇಳಿಯುತ್ತಾ ಬಂದು ಡಿಸೆಂಬರ್‌ಗೆ ಶೇ 5.25 ಆಯಿತು. ಒಟ್ಟು ಒಂದೂಕಾಲು ಪರ್ಸೆಂಟ್ ಇಳಿಕೆ. ಭಾವನ ದರ 8.25ಕ್ಕೆ ಬಂತು. ಇದನ್ನೂ 24 ತಿಂಗಳ ನಂತರ ಒಂದೇ ಸಲ ಇಳಿಯಿತು ಅಂತ ಹಿಡಿದು ಲೆಕ್ಕ ಹಾಕಿದೆ. ಕಂತು ಹಳೇ 23,259ರಲ್ಲೇ ಬಿಟ್ಟಿದ್ದರೆ ಆ ಎರಡು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಮೇಲೆ ಕಟ್ಟಿ ಅಸಲಿನಲ್ಲಿ ಕಡಿಮೆಯಾಗುತ್ತಿದ್ದದ್ದು 17,891 ರೂಪಾಯಿ. ದರ ಇಳಿದ ಮೇಲೂ 266 ಕಂತು ಬಾಕಿ ಇರುತ್ತಿತ್ತು. ಬಡ್ಡಿ ಇಳಿದಾಗ ಅವಧಿ ತಾನೇ ಹಿಂದಕ್ಕೆ ಬರುತ್ತೆ ಅಂತ ಕಾದು ಕೂತವರಿಗೆ ಸಿಗೋದು ಇಷ್ಟೇ. ಬರುತ್ತೆ, ಆದರೆ ಹೊರಟ ಜಾಗದ ತನಕ ಬರೋದಿಲ್ಲ.

25,500 ಕಟ್ಟುತ್ತಾ ಬಂದ ಭಾವನಿಗೆ ಉಳಿದದ್ದು 202 ಕಂತು. ಮೂಲ ಯೋಜನೆಯಲ್ಲಿ ಆ ಹೊತ್ತಿಗೆ 192 ಉಳಿದಿರಬೇಕಿತ್ತು. ಹತ್ತು ತಿಂಗಳ ಹಿನ್ನಡೆ. ಆದರೆ ಈ ಲೆಕ್ಕ ನಿಲ್ಲಬೇಕಾದರೆ ದರ ಇಳಿದಾಗ ಕಂತು ಇಳಿಯಬಾರದು. ಬ್ಯಾಂಕಿನಿಂದ ಫೋನ್ ಬಂತಂತೆ, "ಸರ್, ನಿಮ್ಮ ಇಎಂಐ ಕಡಿಮೆ ಮಾಡಿಕೊಡಬಹುದು" ಅಂತ. ಭಾವ ಬೇಡ ಅಂದು, ಬಾಕಿ ಕಂತು ಎಷ್ಟಿದೆ ಅಂತ ಮಾತ್ರ ಕೇಳಿ, ಆ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದಾರೆ.